ಸರ್ವರ್‌ನಲ್ಲಿ ತಿದ್ದಿದರೂ ಫೋನಿನಲ್ಲಿ ಹಳೇ ದರ

ಸಾಗರದ ಅಡಿಕೆ ಮಾರುಕಟ್ಟೆಯ ದಿನದ ದರ ತೋರಿಸುವ ಒಂದು ವೆಬ್ ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ಆ್ಯಪ್ ಕಲ್ಪನೆಯದು, ಅದಕ್ಕೆ ಬಂದ ಕಾಯಿಲೆ ಮಾತ್ರ ನಿಜವಾದದ್ದು. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ದರ ತುಂಬಿಸುವವರು ರಾಶಿ ಅಡಿಕೆಗೆ ಕ್ವಿಂಟಾಲಿಗೆ 48,000 ರೂಪಾಯಿ ಎಂದು ಹಾಕುವಾಗ ಒಂದು ಸೊನ್ನೆ ಬಿಟ್ಟರು. ಆ್ಯಪಿನಲ್ಲಿ 4,800 ಎಂದು ಬಂತು. ಹತ್ತು ನಿಮಿಷದಲ್ಲಿ ತಪ್ಪು ಕಣ್ಣಿಗೆ ಬಿತ್ತು, ತಿದ್ದಿದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫೋನು ಶುರುವಾಯಿತು. "ಇನ್ನೂ ನಾಲ್ಕು ಸಾವಿರದ ಎಂಟುನೂರೇ ತೋರಿಸ್ತಿದೆಯಲ್ಲ ಮಾರಾಯ್ರೆ, ನಮ್ಮ ಪಕ್ಕದ ಮನೆಯವರ ಫೋನಲ್ಲಿ ಸರಿ ಬಂದಿದೆ." ಆ್ಯಪ್ ನೋಡಿಕೊಳ್ಳುವ ಡೆವಲಪರ್ ಡೇಟಾಬೇಸ್ ತೆಗೆದು ನೋಡಿದರೆ 48,000 ಇದೆ. ಸರ್ವರನ್ನು ನೇರವಾಗಿ ಕೇಳಿದರೂ 48,000 ಎಂದೇ ಉತ್ತರ. "ಸರಿಯಾಗಿದೆ, ಒಂದು ಸಲ ರಿಫ್ರೆಶ್ ಮಾಡಿ" ಎಂದರು. ರೈತರು ಮಾಡಿದರು. 4,800. ಸಂಜೆಗೂ 4,800. ಮರುದಿನ ಅದೇ ಮಂಗಳವಾರದ ದರ ತೆಗೆದು ನೋಡಿದರೆ, ಆಗಲೂ 4,800.

ಇಂಥ ಹೊತ್ತಿನಲ್ಲಿ ಅನುಮಾನ ಮೊದಲು ಸರ್ವರ್ ಮೇಲೆ ಹೋಗುತ್ತದೆ, ಆಮೇಲೆ ನೆಟ್‌ವರ್ಕ್ ಮೇಲೆ, ಕೊನೆಗೆ "ಅವರಿಗೆ ಫೋನ್ ಬಳಸೋಕೆ ಬರಲ್ಲ" ಎಂದು ಬಳಕೆದಾರರ ಮೇಲೆ. ಈ ಮೂವರದ್ದೂ ತಪ್ಪಿರಲಿಲ್ಲ. ರೈತರ ಫೋನು ಸರ್ವರನ್ನು ಕೇಳಿಯೇ ಇರಲಿಲ್ಲ.

ನಡುವೆ ಕುಳಿತವನು

ವೆಬ್‌ಸೈಟೊಂದು ನಿಮ್ಮ ಬ್ರೌಸರಿಗೆ ಒಂದು ಸಣ್ಣ ಪ್ರೋಗ್ರಾಂ ಕೊಟ್ಟು, "ಇನ್ನು ಮುಂದೆ ನನ್ನ ಸೈಟಿನ ಯಾವ ಕೋರಿಕೆ ಬಂದರೂ ಮೊದಲು ಇವನನ್ನು ಕೇಳು" ಎಂದು ಹೇಳಬಹುದು. ಆ ಪ್ರೋಗ್ರಾಮಿನ ಹೆಸರು ಸರ್ವಿಸ್ ವರ್ಕರ್. ಅದು ಪುಟಕ್ಕಿಂತ ಬೇರೆಯಾಗಿ ಓಡುತ್ತದೆ, ಪುಟ ಮುಚ್ಚಿದರೂ ಬ್ರೌಸರಿನಲ್ಲಿ ನೋಂದಣಿಯಾಗಿ ಉಳಿದಿರುತ್ತದೆ. ಕ್ರೋಮ್‌ನಲ್ಲಿ ಇದು 2015ರಲ್ಲಿ ಬಂತು, ಫೈರ್‌ಫಾಕ್ಸ್‌ನಲ್ಲಿ 2016ರಲ್ಲಿ, ಐಫೋನಿನ ಸಫಾರಿಗೆ 2018ರಲ್ಲಿ. ಮಂಡಿಯ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಕುಳಿತ ಗುಮಾಸ್ತನಂತೆ ಅದರ ಕೆಲಸ. ದರ ಕೇಳಲು ಬಂದವರನ್ನು ಒಳಗೆ ಬಿಡಬೇಕೋ, ತಾನು ಬರೆದಿಟ್ಟುಕೊಂಡದ್ದನ್ನೇ ಓದಿ ಹೇಳಿ ಕಳಿಸಬೇಕೋ ಎಂಬುದು ಅವನಿಗೆ ಬಿಟ್ಟದ್ದು.

ಅವನನ್ನು ಅಲ್ಲಿ ಕೂರಿಸಿದ್ದಕ್ಕೆ ಒಳ್ಳೆಯ ಕಾರಣವೇ ಇದೆ. ಮಲೆನಾಡಿನ ತೋಟದ ಮಧ್ಯೆ ಸಿಗ್ನಲ್ ಒಂದು ಗೀಟು ಬಂದರೆ ಅದೇ ಪುಣ್ಯ. ಅಂಥ ಕಡೆಯೂ ಆ್ಯಪ್ ಬಿಳಿ ಪರದೆ ತೋರಿಸದೆ ತೆರೆದುಕೊಳ್ಳಬೇಕಾದರೆ ಚಿತ್ರ, ವಿನ್ಯಾಸದ ಕಡತ, ಅಕ್ಷರಶೈಲಿ ಎಲ್ಲ ಫೋನಿನಲ್ಲೇ ಇರಬೇಕು. ಇದಕ್ಕಾಗಿ ಬ್ರೌಸರ್ ಒಂದು ದಾಸ್ತಾನು ಜಾಗ ಕೊಡುತ್ತದೆ, ಅದರ ಹೆಸರು ಕ್ಯಾಶ್ ಸ್ಟೋರೇಜ್. ನಮ್ಮ ಆ್ಯಪಿನಲ್ಲಿದ್ದದ್ದು ಎಲ್ಲರೂ ಪಾಠಗಳಿಂದ ಎತ್ತಿಕೊಳ್ಳುವ ಈ ಕೋಡ್:

```js
self.addEventListener('fetch', (event) => {
  event.respondWith(
    caches.match(event.request).then((hit) => {
      if (hit) return hit;
      return fetch(event.request).then((res) => {
        const copy = res.clone();
        caches.open('app-v1')
          .then((c) => c.put(event.request, copy));
        return res;
      });
    })
  );
});
```

ಕೋಡ್ ಓದಲು ಬಾರದವರಿಗೂ ಇದರ ತಾತ್ಪರ್ಯ ಸುಲಭ. ಕೋರಿಕೆ ಬಂದಾಗ ಮೊದಲು ದಾಸ್ತಾನಿನಲ್ಲಿ ಹುಡುಕು. ಸಿಕ್ಕಿದರೆ ಅದನ್ನೇ ಕೊಡು, ಮಾತು ಮುಗಿಯಿತು. ಸಿಗದಿದ್ದರೆ ಮಾತ್ರ ಸರ್ವರಿಗೆ ಹೋಗು, ಬಂದ ಉತ್ತರದ ಒಂದು ಪ್ರತಿ ಎತ್ತಿಟ್ಟುಕೊಂಡು ಇನ್ನೊಂದನ್ನು ಪುಟಕ್ಕೆ ಕೊಡು. ಚಿತ್ರಗಳಿಗೆ ಇದು ಹೇಳಿ ಮಾಡಿಸಿದ ಕ್ರಮ, ಏಕೆಂದರೆ ಲೋಗೊ ದಿನಾ ಬದಲಾಗುವುದಿಲ್ಲ. ಆದರೆ ಈ ಕೋಡ್ ಲೋಗೊ ಯಾವುದು, ದರ ಯಾವುದು ಎಂದು ನೋಡುವುದೇ ಇಲ್ಲ. ಪುಟ ತನ್ನ ಮಾಹಿತಿಗಾಗಿ ಸರ್ವರಿಗೆ ಕಳಿಸುವ ಎಪಿಐ ಕೋರಿಕೆಯೂ ಇದೇ ಬಾಗಿಲಿನಿಂದ ಹೋಗಬೇಕು. ಹನ್ನೊಂದೂ ಐದಕ್ಕೆ ಆ್ಯಪ್ ತೆರೆದವರ ಫೋನಿನಲ್ಲಿ 4,800 ದಾಸ್ತಾನಾಯಿತು. ಹನ್ನೊಂದೂವರೆಗೆ ಮೊದಲ ಸಲ ತೆರೆದ ಪಕ್ಕದ ಮನೆಯವರ ಫೋನಿನಲ್ಲಿ 48,000 ದಾಸ್ತಾನಾಯಿತು. ಇಬ್ಬರಿಗೂ ಅವರವರ ಮೊದಲ ಉತ್ತರವೇ ಶಾಶ್ವತ.

ಹಾಗಿದ್ದರೆ ಈ ದೋಷ ಮೊದಲ ವಾರವೇ ಬಯಲಾಗಬೇಕಿತ್ತಲ್ಲ, ದಿನಾ ಹೊಸ ದರ ಹೇಗೆ ಬರುತ್ತಿತ್ತು ಎಂದು ಕೇಳಬಹುದು. ಉತ್ತರ ಕೋರಿಕೆಯ ವಿಳಾಸದಲ್ಲಿದೆ:

```
/api/rates?market=sagara&date=2024-11-12
```

ದಾಸ್ತಾನಿನಲ್ಲಿ ಹುಡುಕುವುದು ಪೂರ್ತಿ ವಿಳಾಸ ಹಿಡಿದು. ಬುಧವಾರದ ದಿನಾಂಕ ಬೇರೆ, ಆದ್ದರಿಂದ ವಿಳಾಸವೂ ಬೇರೆ, ದಾಸ್ತಾನಿನಲ್ಲಿ ಸಿಗುವುದಿಲ್ಲ, ಸರ್ವರಿಗೆ ಹೋಗುತ್ತದೆ. ದಿನಾ ಬೆಳಿಗ್ಗೆ ತಾಜಾ ದರ ಬರುತ್ತಿದ್ದುದು ಈ ದಿನಾಂಕದ ದಯೆಯಿಂದ, ವಿನ್ಯಾಸದ ಜಾಣ್ಮೆಯಿಂದಲ್ಲ. ಒಮ್ಮೆ ಪ್ರಕಟವಾದ ದರವನ್ನು ಅದೇ ದಿನ ತಿದ್ದುವ ಪ್ರಸಂಗ ಬರುವ ತನಕ ಎಷ್ಟು ತಿಂಗಳು ಬೇಕಾದರೂ ಈ ದೋಷ ಸದ್ದಿಲ್ಲದೆ ಇರಬಲ್ಲದು. ಹೊರಬೀಳುವುದು ಮಾತ್ರ ತಿದ್ದುಪಡಿ ತುರ್ತಾಗಿ ಬೇಕಾದ ದಿನವೇ.

ಇದೇ ಕೋಡಿನಲ್ಲಿ ಇನ್ನೂ ಒಂದು ಹುಳುಕಿದೆ. ಬಂದ ಉತ್ತರ ಸರಿಯಾದದ್ದೋ ಎಂದು `put` ಪರೀಕ್ಷಿಸುವುದಿಲ್ಲ. ಸರ್ವರ್ ಒಂದು ನಿಮಿಷ ಕುಸಿದು 500 ಎಂಬ ದೋಷಸಂಖ್ಯೆ ಕಳಿಸಿದರೆ ಅದನ್ನೂ ಭದ್ರವಾಗಿ ಎತ್ತಿಡುತ್ತದೆ. ಆ ಒಂದು ನಿಮಿಷದಲ್ಲಿ ಆ್ಯಪ್ ತೆರೆದವರ ಪಾಲಿಗೆ ಆ ದಿನದ ದರಪುಟ ಕೆಟ್ಟೇ ಇರುತ್ತದೆ, ಸರ್ವರ್ ಎಷ್ಟೇ ಗಟ್ಟಿಯಾಗಿ ಎದ್ದು ನಿಂತಿದ್ದರೂ.

ದಾರಿ ತಪ್ಪಿಸುವ ಪರೀಕ್ಷೆಗಳು

ಡೆವಲಪರ್ ಮುಂದೆ ಏನು ಮಾಡಿದರು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅರ್ಧ ದಿನ ಹಾಳಾಗುವುದು ಇಲ್ಲೇ.

ಮೊದಲು ಅವರು ಸರ್ವರಿನ ಉತ್ತರಕ್ಕೆ `Cache-Control: no-store` ಎಂಬ ಸೂಚನೆ ಸೇರಿಸಿದರು. ಇದನ್ನು ಎಲ್ಲೂ ಉಳಿಸಿಕೊಳ್ಳಬೇಡ ಎಂದು ಅದರ ಅರ್ಥ. ಬ್ರೌಸರಿನ ಮಾಮೂಲಿ ಕ್ಯಾಶ್ ಈ ಮಾತು ಕೇಳುತ್ತದೆ. ಕ್ಯಾಶ್ ಸ್ಟೋರೇಜ್ ಕೇಳುವುದಿಲ್ಲ. ಅವು ಎರಡೂ ಬೇರೆ ಬೇರೆ, ಹೆಸರಿನ ಸಾಮ್ಯವೇ ಗೊಂದಲದ ಮೂಲ. ಸರ್ವಿಸ್ ವರ್ಕರ್ ಎತ್ತಿಟ್ಟದ್ದಕ್ಕೆ ವಾಯಿದೆ ಇಲ್ಲ. ಒಂದು ಗಂಟೆಗೆ ಹಳತಾಗು ಎಂದು ಸರ್ವರ್ ಹೇಳಿದ್ದರೂ ಅದು ಹಳತಾಗುವುದಿಲ್ಲ, ಸಾಮಾನ್ಯವಾಗಿ ಯಾರಾದರೂ ಅಳಿಸುವ ತನಕ ಉಳಿದಿರುತ್ತದೆ. ಅದಿರಲಿ, ಈಗ ಸೇರಿಸಿದ ಸೂಚನೆ ಇರುವುದು ಸರ್ವರಿನ ಹೊಸ ಉತ್ತರದಲ್ಲಿ. ಆ ಉತ್ತರ ಕೇಳಲು ರೈತರ ಫೋನು ಬರುತ್ತಲೇ ಇಲ್ಲವಲ್ಲ!

ಆಮೇಲೆ ಅವರು ತಮ್ಮ ಕಂಪ್ಯೂಟರಿನಲ್ಲಿ Ctrl+Shift+R ಒತ್ತಿದರು. 48,000 ಬಂತು. ಸಮಸ್ಯೆ ಬಗೆಹರಿಯಿತು ಎಂದು ಎಲ್ಲರಿಗೂ ಸಂದೇಶ ಕಳಿಸಿದರು. ಈ ಒತ್ತುವಿಕೆ ಆ ಒಂದು ಸಲಕ್ಕೆ ಮಾತ್ರ ಸರ್ವಿಸ್ ವರ್ಕರನ್ನು ಬದಿಗಿಟ್ಟು ನೇರ ಸರ್ವರಿಗೆ ಹೋಗುತ್ತದೆ. ವರ್ಕರನ್ನೂ ಅಳಿಸುವುದಿಲ್ಲ, ದಾಸ್ತಾನನ್ನೂ ಮುಟ್ಟುವುದಿಲ್ಲ. ಮಾಮೂಲಿ ರಿಫ್ರೆಶ್ ಮಾಡಿದ ಕೂಡಲೇ 4,800 ಮರಳಿ ಬರುತ್ತದೆ. ಫೋನಿನಲ್ಲಂತೂ ಈ ಕೀಲಿಗಳೇ ಇಲ್ಲ. ಡೆವಲಪರ್ ಉಪಕರಣಗಳಲ್ಲಿರುವ Disable cache ಎಂಬ ಗುರುತೂ ಹೀಗೆಯೇ ಮೋಸ ಮಾಡುತ್ತದೆ, ಅದು ಮಾಮೂಲಿ ಕ್ಯಾಶಿಗೆ ಸಂಬಂಧಪಟ್ಟದ್ದು.

ರೈತರಲ್ಲಿ ಒಬ್ಬರು ಮಗನಿಗೆ ಹೇಳಿ ಕ್ರೋಮ್‌ನಲ್ಲಿ "ಕ್ಯಾಶ್ ಕ್ಲಿಯರ್" ಮಾಡಿಸಿದರು. ಅದೂ ಫಲಿಸಲಿಲ್ಲ. ಕ್ರೋಮ್‌ನಲ್ಲಿ ಡೇಟಾ ಅಳಿಸುವಾಗ ಚಿತ್ರ ಮತ್ತು ಕಡತಗಳ ಕ್ಯಾಶ್ ಒಂದು ಸಾಲು, ಕುಕಿ ಮತ್ತು ಸೈಟ್ ಡೇಟಾ ಇನ್ನೊಂದು ಸಾಲು. ಸರ್ವಿಸ್ ವರ್ಕರ್ ಮತ್ತು ಅದರ ದಾಸ್ತಾನು ಇರುವುದು ಎರಡನೆಯದರಲ್ಲಿ. ಕ್ಯಾಶ್ ಎಂಬ ಹೆಸರಿನ ಸಾಲಿಗೆ ಗುರುತು ಹಾಕಿದರೆ ಕ್ಯಾಶ್ ಸ್ಟೋರೇಜ್ ಅಳಿಯುವುದಿಲ್ಲ ಎಂಬುದನ್ನು ಸಾಮಾನ್ಯ ಜನ ಊಹಿಸಬೇಕೆಂದು ಅಪೇಕ್ಷಿಸುವುದು ಅನ್ಯಾಯ.

ಸರಿಯಾದ ಸುಳಿವು ಎರಡು ಕಡೆ ಸಿಗುತ್ತದೆ. ಒಂದು, ಸರ್ವರಿನ ದಾಖಲೆ. ದೂರು ಕೊಟ್ಟವರನ್ನು ಫೋನಿನಲ್ಲೇ ಇಟ್ಟುಕೊಂಡು "ಈಗ ರಿಫ್ರೆಶ್ ಮಾಡಿ" ಎಂದು ಹೇಳಿ, ಲಾಗ್ ನೋಡಬೇಕು. ಅವರ `/api/rates` ಕೋರಿಕೆ ಅಲ್ಲಿ ಮೂಡದಿದ್ದರೆ ಉತ್ತರ ಎಲ್ಲೋ ದಾರಿಯಲ್ಲೇ ಸಿಗುತ್ತಿದೆ ಎಂದರ್ಥ. ಇನ್ನೊಂದು, ಕ್ರೋಮ್ ಉಪಕರಣಗಳ Network ಪಟ್ಟಿ. ಅಲ್ಲಿ Size ಎಂಬ ಕಾಲಮ್ಮಿನಲ್ಲಿ ಕಿಲೋಬೈಟ್ ಸಂಖ್ಯೆಯ ಬದಲು (ServiceWorker) ಎಂದಿದ್ದರೆ, ಪುಟಕ್ಕೆ ಉತ್ತರ ಕೊಟ್ಟದ್ದು ಆ ಗುಮಾಸ್ತನೇ. Application ಎಂಬ ಭಾಗದಲ್ಲಿ Cache storage ತೆರೆದು `app-v1` ಒಳಗೆ ಇಣುಕಿದರೆ 4,800 ಕಣ್ಣೆದುರೇ ಕಾಣುತ್ತದೆ. ಇಷ್ಟು ನೋಡಲು ಐದು ನಿಮಿಷ ಸಾಕು, ನೋಡಬೇಕೆಂದು ಹೊಳೆಯುವುದಕ್ಕೇ ಹೊತ್ತು ಹಿಡಿಯುವುದು.

ಮುಚ್ಚದ ಒಂದು ಬಾಗಿಲು

ಕಾರಣ ತಿಳಿಯಿತು. ಆದರೆ ಸರ್ವರನ್ನು ಕೇಳಲೊಲ್ಲದ ಫೋನಿಗೆ ಸರ್ವರಿನಿಂದ ಮದ್ದು ಮುಟ್ಟಿಸುವುದು ಹೇಗೆ? ಪುಟದ ಎಚ್‌ಟಿಎಂಎಲ್ ಕೂಡ ಅದೇ ದಾಸ್ತಾನಿನಿಂದ ಬರುತ್ತಿದೆ. ಹೊಸ ಪುಟ ಬರೆದು ಸರ್ವರಿಗೆ ಏರಿಸಿದರೆ ಅದೂ ಅಲ್ಲೇ ಕೂರುತ್ತದೆ.

ಇಂಥ ಸಂಕಟ ಬರಬಹುದೆಂದು ಸರ್ವಿಸ್ ವರ್ಕರಿನ ನಿಯಮ ರೂಪಿಸಿದವರಿಗೆ ಗೊತ್ತಿತ್ತು. ಅದಕ್ಕೂ ಮೊದಲು ಆ್ಯಪ್ ಕ್ಯಾಶ್ ಎಂಬ ಏರ್ಪಾಡೊಂದು ಬ್ರೌಸರುಗಳಲ್ಲಿತ್ತು. ಯಾವ ಕಡತ ಉಳಿಸಬೇಕೆಂಬ ಪಟ್ಟಿಯಲ್ಲಿ ಆ ಪಟ್ಟಿಯ ಹೆಸರನ್ನೇ ಸೇರಿಸಿಬಿಟ್ಟರೆ ಹೊಸ ಪಟ್ಟಿ ಬಂದಿದೆಯೆಂದು ಬ್ರೌಸರಿಗೆ ತಿಳಿಸುವುದು ಬಹುತೇಕ ಅಸಾಧ್ಯವಾಗುತ್ತಿತ್ತು. ಜೇಕ್ ಆರ್ಚಿಬಾಲ್ಡ್ ಎಂಬ ಡೆವಲಪರ್ 2012ರಲ್ಲಿ ಅದರ ಹುಳುಕುಗಳನ್ನು ಬೈಗುಳದ ಶೀರ್ಷಿಕೆಯ ಲೇಖನವೊಂದರಲ್ಲಿ ಬಿಡಿಸಿಟ್ಟರು. ಮುಂದೆ ಸರ್ವಿಸ್ ವರ್ಕರಿನ ನಿಯಮಾವಳಿ ಬರೆದವರಲ್ಲಿ ಅವರೂ ಒಬ್ಬರಾದರು. ಆ ಪೆಟ್ಟು ತಿಂದಿದ್ದರಿಂದಲೇ ಹೊಸ ನಿಯಮದಲ್ಲಿ ಒಂದು ಬಾಗಿಲು ಸದಾ ತೆರೆದಿರುತ್ತದೆ: ಸರ್ವಿಸ್ ವರ್ಕರಿನ ಸ್ವಂತ ಕಡತವನ್ನು, ಅಂದರೆ `sw.js` ಅನ್ನು, ಬ್ರೌಸರ್ ತರಲು ಹೋದಾಗ ಸರ್ವಿಸ್ ವರ್ಕರ್ ಅದನ್ನು ತಡೆಯುವಂತಿಲ್ಲ. ಬಳಕೆದಾರರು ಪುಟ ತೆರೆದಾಗಲೆಲ್ಲ ಬ್ರೌಸರ್ ಹಿಂದಿನಿಂದ ಆ ಕಡತವನ್ನು ಸರ್ವರಿನಲ್ಲಿ ಕೇಳುತ್ತದೆ. ತನ್ನಲ್ಲಿರುವುದಕ್ಕೂ ಬಂದದ್ದಕ್ಕೂ ಒಂದು ಬೈಟ್ ವ್ಯತ್ಯಾಸವಿದ್ದರೂ ಹೊಸದನ್ನು ಸ್ಥಾಪಿಸಲು ತೊಡಗುತ್ತದೆ. ಮೊದಲು ಈ ಕಡತವೂ ಬ್ರೌಸರಿನ ಮಾಮೂಲಿ ಕ್ಯಾಶಿನಿಂದ ಬರುವ ಸಾಧ್ಯತೆ ಇತ್ತು, ಆಗಲೂ 24 ಗಂಟೆ ಮೀರುವಂತಿರಲಿಲ್ಲ. 2018ರ ಕ್ರೋಮ್ 68ರಿಂದ ಆ ತಡವೂ ಹೋಯಿತು.

ಗಾಬರಿಯಲ್ಲಿ ಜನ ಈ ಬಾಗಿಲನ್ನೇ ಮುಚ್ಚಿಬಿಡುತ್ತಾರೆ. ಸರ್ವಿಸ್ ವರ್ಕರ್‌ನಿಂದ ತೊಂದರೆ ಎಂದು ತಿಳಿದ ಕೂಡಲೇ `sw.js` ಅನ್ನು ಸರ್ವರಿನಿಂದ ಅಳಿಸಿಬಿಡುತ್ತಾರೆ. ಬ್ರೌಸರ್ ಬಂದು ಕೇಳುತ್ತದೆ, 404 ಸಿಗುತ್ತದೆ, ಅಪ್‌ಡೇಟ್ ವಿಫಲವಾಯಿತು ಎಂದು ತೀರ್ಮಾನಿಸಿ ಹಳೆಯ ವರ್ಕರನ್ನೇ ಮುಂದುವರಿಸುತ್ತದೆ. ಕೆಲವರು `sw-v2.js` ಎಂದು ಹೊಸ ಹೆಸರಿಡುತ್ತಾರೆ. ಆದರೆ ಆ ಹೊಸ ಹೆಸರು ಬರೆದಿರುವುದು ಹೊಸ ಪುಟದಲ್ಲಿ, ಬಳಕೆದಾರರಿಗೆ ಸಿಗುತ್ತಿರುವುದು ದಾಸ್ತಾನಿನ ಹಳೆಯ ಪುಟ, ಅದು ಕರೆಯುವುದು `sw.js` ಅನ್ನೇ. ಮದ್ದು ಅದೇ ಹೆಸರಿನಲ್ಲಿ, ಅದೇ ವಿಳಾಸದಲ್ಲಿ ಇರಲೇಬೇಕು:

```js
self.addEventListener('install', () => self.skipWaiting());

self.addEventListener('activate', (event) => {
  event.waitUntil(
    caches.delete('app-v1').then(() => self.clients.claim())
  );
});
```

ಇದರಲ್ಲಿ `skipWaiting` ಏಕೆ ಬೇಕು ಎಂದರೆ, ಹೊಸ ವರ್ಕರ್ ಇಳಿದ ಮಾತ್ರಕ್ಕೆ ಅಧಿಕಾರ ವಹಿಸಿಕೊಳ್ಳುವುದಿಲ್ಲ. ಹಳೆಯದರ ಆಳ್ವಿಕೆಯ ಒಂದೇ ಒಂದು ಟ್ಯಾಬ್ ತೆರೆದಿದ್ದರೂ ಕಾಯುತ್ತದೆ. ರಿಫ್ರೆಶ್ ಮಾಡಿದರೂ ಅದು ಕಾಯುವುದು ತಪ್ಪುವುದಿಲ್ಲ, ಏಕೆಂದರೆ ಹೊಸ ಪುಟ ಬರಲು ತೊಡಗುವ ತನಕ ಹಳೆಯ ಪುಟ ಜಾಗ ಬಿಡುವುದಿಲ್ಲ. ಫೋನಿನಲ್ಲಿ ಟ್ಯಾಬ್ ಮುಚ್ಚುವ ಅಭ್ಯಾಸ ಎಷ್ಟು ಜನರಿಗಿದೆ? ಆ ಸಾಲು ಇಲ್ಲದಿದ್ದರೆ ಮದ್ದು ಫೋನಿನೊಳಗೇ ವಾರಗಟ್ಟಲೆ ಕಾಯುತ್ತ ಕೂರಬಹುದು. ಎರಡನೆಯ ಭಾಗ ಹಳೆಯ ದಾಸ್ತಾನನ್ನು ಅಳಿಸಿ, ತೆರೆದಿರುವ ಪುಟಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ.

ಇಷ್ಟಾದರೂ ಆ ಗಳಿಗೆಯಲ್ಲಿ ಪರದೆಯ ಮೇಲಿರುವ ಅಂಕಿ ತಾನಾಗಿ ಬದಲಾಗುವುದಿಲ್ಲ. ಮದ್ದು ಏರಿಸಿದ ಮೇಲೆ ರೈತರು ಆ್ಯಪ್ ತೆರೆದರೆ ಮೊದಲು ಹಳೆಯ ವರ್ಕರೇ 4,800 ಕೊಟ್ಟಿರುತ್ತದೆ, ಹಿನ್ನೆಲೆಯಲ್ಲಿ ಹೊಸದು ಇಳಿಯುತ್ತಿರುತ್ತದೆ. 48,000 ಕಾಣುವುದು ಮುಂದಿನ ಸಲ. "ಎರಡು ಸಲ ತೆರೆದು ನೋಡಿ" ಎಂಬ ಸಲಹೆಗೆ ಇಲ್ಲಿ ನಿಜವಾದ ಆಧಾರವಿದೆ. ಆ್ಯಪನ್ನು ತೆರೆಯದೇ ಇರುವವರಿಗಂತೂ ಯಾವ ಮದ್ದೂ ಮುಟ್ಟುವುದಿಲ್ಲ, ಅವರು ತೆರೆಯುವ ತನಕ ಕಾಯಲೇಬೇಕು.

ದರಕ್ಕೆ ಯಾವ ಕ್ರಮ

ಇನ್ನು ಹೊಸ ವರ್ಕರ್ ಎಪಿಐ ಕೋರಿಕೆಗಳನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಪ್ರಶ್ನೆ. `/api/` ಎಂದು ಶುರುವಾಗುವ ವಿಳಾಸವನ್ನು ಮುಟ್ಟದೆ ಬಿಟ್ಟುಬಿಡುವುದು ಅತಿ ಸರಳ. ಬ್ರೌಸರ್ ನೇರ ಸರ್ವರಿಗೆ ಹೋಗುತ್ತದೆ. ಹಣದ ಬಾಕಿ, ಪರೀಕ್ಷೆಯ ಫಲಿತಾಂಶ, ಲಾಗಿನ್ ಇಂಥವಕ್ಕೆ ನನ್ನ ಮತ ಇದಕ್ಕೇ. ಸಿಗ್ನಲ್ ಇಲ್ಲದಾಗ ಏನೂ ತೋರಿಸದಿರುವುದು ತಪ್ಪು ತೋರಿಸುವುದಕ್ಕಿಂತ ವಾಸಿ.

ಅಡಿಕೆ ದರಕ್ಕೆ ಅಷ್ಟು ಕಟ್ಟುನಿಟ್ಟು ಬೇಡ. ತೋಟದಲ್ಲಿ ನಿಂತವರಿಗೆ ಬೆಳಗಿನ ದರವಾದರೂ ಕಂಡರೆ ಉಪಯೋಗವಿದೆ. ಅದಕ್ಕೆ ತಕ್ಕದ್ದು ಮೊದಲು ಸರ್ವರನ್ನು ಕೇಳಿ, ಅದು ಸಿಗದಿದ್ದರೆ ಮಾತ್ರ ದಾಸ್ತಾನಿಗೆ ಹೋಗುವ ಕ್ರಮ. ಗೂಗಲ್‌ನ ವರ್ಕ್‌ಬಾಕ್ಸ್ ಎಂಬ ಸಿದ್ಧ ಕೋಡ್‌ಸಂಗ್ರಹದಲ್ಲಿ ಇದರ ಹೆಸರು NetworkFirst. ಇದಕ್ಕೆ ಮೂರೋ ನಾಲ್ಕೋ ಸೆಕೆಂಡಿನ ಗಡುವು ಇಡಲೇಬೇಕು. ಸಿಗ್ನಲ್ ಪೂರ್ತಿ ಇಲ್ಲದಿದ್ದರೆ ಕೋರಿಕೆ ಬೇಗ ಸೋಲುತ್ತದೆ, ಆದರೆ ಇದ್ದೂ ಇಲ್ಲದಂತಿರುವ ಸಿಗ್ನಲ್‌ನಲ್ಲಿ ಅದು ನಿಮಿಷಗಟ್ಟಲೆ ಸುತ್ತುತ್ತ ಕೂರುತ್ತದೆ. ಹಾಗೆಯೇ ಉತ್ತರ ಸರಿಯಿದ್ದರೆ ಮಾತ್ರ, ಅಂದರೆ `res.ok` ಆಗಿದ್ದರೆ ಮಾತ್ರ, ಎತ್ತಿಡಬೇಕು.

ಇವೆರಡರ ನಡುವೆ ಬಹು ಜನಪ್ರಿಯವಾದ ಮೂರನೆಯ ಕ್ರಮವಿದೆ, StaleWhileRevalidate. ಹಳೆಯದನ್ನು ತಕ್ಷಣ ಕೊಟ್ಟು, ಹಿಂದಿನಿಂದ ಹೊಸದನ್ನು ತಂದಿಡುತ್ತದೆ. ಓಟ ಚುರುಕು, ಆದರೆ ಬಳಕೆದಾರರು ಯಾವಾಗಲೂ ಒಂದು ಹೆಜ್ಜೆ ಹಿಂದಿರುತ್ತಾರೆ. ಸೋಮವಾರ ನೋಡಿ ಗುರುವಾರ ಮತ್ತೆ ಅದೇ ಪುಟ ತೆರೆದವರಿಗೆ ಮೊದಲು ಕಾಣುವುದು ಸೋಮವಾರದ್ದೇ. ಸುದ್ದಿಪುಟದ ಚಿತ್ರಕ್ಕೆ ಇದು ನಡೆಯುತ್ತದೆ. ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ತೀರ್ಮಾನಿಸುವ ಅಂಕಿಗೆ ನಡೆಯುವುದಿಲ್ಲ.

ಯಾವ ಕ್ರಮವೇ ಇರಲಿ, ಪರದೆಯಲ್ಲಿ "ಈ ದರ ಬೆಳಿಗ್ಗೆ 11:05ಕ್ಕೆ ಪಡೆದದ್ದು" ಎಂಬ ಸಾಲೊಂದು ಇದ್ದಿದ್ದರೆ ಆ ಮಂಗಳವಾರದ ಅರ್ಧ ಫೋನುಗಳು ಬರುತ್ತಿರಲಿಲ್ಲ. ಬಂದ ಫೋನುಗಳಲ್ಲೂ ಮೊದಲ ಮಾತಿಗೇ ಕಾರಣ ಗೊತ್ತಾಗುತ್ತಿತ್ತು.

ಬೇಡದಿದ್ದರೂ ಸರ್ವಿಸ್ ವರ್ಕರ್ ಹೊತ್ತಿರುವ ಸೈಟುಗಳೂ ಇವೆ. ರಿಯಾಕ್ಟ್ ಆ್ಯಪ್ ಶುರುಮಾಡಲು ಬಳಕೆಯಲ್ಲಿದ್ದ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಎಂಬ ಸಾಧನ 2017ರಲ್ಲಿ ಅದನ್ನು ಕೇಳದೆಯೇ ಸೇರಿಸಿಕೊಡುತ್ತಿತ್ತು. ಹೊಸ ಆವೃತ್ತಿ ಏರಿಸಿದರೂ ಕಾಣುತ್ತಿಲ್ಲ ಎಂಬ ದೂರುಗಳು ಬಂದವು. 2018ರ ಅಕ್ಟೋಬರಿನ ಎರಡನೆಯ ಆವೃತ್ತಿಯಿಂದ, ಬೇಕೆಂದವರು ಮಾತ್ರ ಸೇರಿಸಿಕೊಳ್ಳುವಂತೆ ಬದಲಿಸಿದರು. ಆ ಬದಲಾವಣೆ ಸರಿಯಾದದ್ದೇ.

ಬಳಸುವವರಿಗೂ ಒಂದು ಮಾತು. ಯಾವುದೋ ಸೈಟು ಹಳೆಯದನ್ನೇ ತೋರಿಸುತ್ತಿದೆ ಎನಿಸಿದರೆ ಅದನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಹಳೆಯ ದಾಸ್ತಾನು ಇರುವುದಿಲ್ಲ. ಅಲ್ಲಿ ಸರಿಯಾಗಿ ಕಂಡರೆ ಬ್ರೌಸರಿನ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಒಂದು ಸೈಟಿನ ಡೇಟಾ ಅಳಿಸಿದರೆ ಸಾಕು. ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಸಿಗ್ನಲ್ ಇಲ್ಲದಾಗ ತುಂಬಿಸಿ ಇನ್ನೂ ಕಳಿಸದ ಅರ್ಜಿ ಏನಾದರೂ ಇದ್ದರೆ ಅದೂ ಹೋಗುತ್ತದೆ, ಆದ್ದರಿಂದ ಅದನ್ನು ಮೊದಲು ಕಳಿಸಿಬಿಡಿ. ದೂರು ಕೊಡಲು ಫೋನ್ ಮಾಡಿದಾಗ "ಇನ್‌ಕಾಗ್ನಿಟೊದಲ್ಲಿ ಸರಿ ಬರ್ತಿದೆ, ಮಾಮೂಲಿ ತೆರೆದರೆ ಬರ್ತಿಲ್ಲ" ಎಂದು ತಪ್ಪದೆ ಹೇಳಿ. ಆ ಕಡೆ ಕೂತವರಿಗೆ ಎಲ್ಲಿ ಹುಡುಕಬೇಕೆಂದು ತಿಳಿಯಲು ಅಷ್ಟು ಸಾಕು.